8.2 ಓವರ್‌ಗೆ 64 ರನ್: ಎಕಾನಮಿ 7.80 ಯಾಕೆ ಅಲ್ಲ?

ಪ್ರಶ್ನೆ: ಸರ್, 2011ರ ವಿಶ್ವಕಪ್ ಫೈನಲ್ ಸ್ಕೋರ್‌ಕಾರ್ಡ್ ಇಟ್ಕೊಂಡು ಸುಮ್ನೆ ಲೆಕ್ಕ ಹಾಕ್ತಾ ಕೂತಿದ್ದೆ. ಕುಲಶೇಖರ 8.2 ಓವರ್‌ಗೆ 64 ರನ್ ಕೊಟ್ಟಿದ್ದಾರೆ. ಭಾಗಿಸಿದರೆ ನನಗೆ 7.80 ಬರುತ್ತೆ, ಕಾರ್ಡಲ್ಲಿ ಎಕಾನಮಿ 7.68 ಅಂತಿದೆ. ನಮ್ಮ ಬ್ಯಾಟ್ಸ್‌ಮನ್‌ಗಳ ರನ್ ಕೂಡಿದರೆ 262, ಸ್ಕೋರ್ ಮಾತ್ರ 277. ಗಂಭೀರ್ ಸ್ಟ್ರೈಕ್ ರೇಟ್ ಧೋನಿಗಿಂತ ತುಂಬಾ ಕಡಿಮೆ ಇದೆ, ಅಂದ್ರೆ ಅವರು ನಿಧಾನ ಆಡಿದ್ರು ಅಂತಾನಾ? ಔಟಾಗದೇ ಉಳಿದವರ ಸರಾಸರಿ ಹೇಗೆ ಲೆಕ್ಕ ಹಾಕ್ತಾರೆ? ಒಮ್ಮೆ ಬಿಡಿಸಿ ಹೇಳ್ತೀರಾ?

ಉತ್ತರ: ಮೊದಲು ಆ ಚುಕ್ಕಿಯ ವಿಷಯ ಮುಗಿಸೋಣ. 8.2 ಅಂದರೆ ಎಂಟು ಪೂರ್ತಿ ಓವರ್, ಅದರ ಮೇಲೆ ಎರಡು ಎಸೆತ. ಅಲ್ಲಿರುವುದು ದಶಮಾಂಶದ ಚುಕ್ಕಿ ಅಲ್ಲ. ಓವರ್‌ನಲ್ಲಿ ಆರು ಎಸೆತ ಇರುವುದರಿಂದ ಎರಡು ಎಸೆತ ಅಂದರೆ ಓವರ್‌ನ ಮೂರನೇ ಒಂದು ಭಾಗ. ಕ್ಯಾಲ್ಕುಲೇಟರ್‌ಗೆ ಇದು ಗೊತ್ತಿಲ್ಲ. ಅದು 8.2 ಅನ್ನು ಎಂಟು ಮತ್ತು ಹತ್ತನೇ ಎರಡು ಭಾಗ ಅಂದುಕೊಂಡು ಭಾಗಿಸುತ್ತದೆ.

ಸರಿಯಾದ ದಾರಿ ಅಂದರೆ ಮೊದಲು ಎಲ್ಲವನ್ನೂ ಎಸೆತಗಳಿಗೆ ಇಳಿಸಿಕೊಳ್ಳುವುದು. ಎಂಟು ಓವರ್‌ಗೆ 48 ಎಸೆತ, ಮೇಲಿನ ಎರಡು ಸೇರಿ 50. ಈಗ 64 ರನ್ನನ್ನು 50ರಿಂದ ಭಾಗಿಸಿ, 6ರಿಂದ ಗುಣಿಸಿ. 7.68 ಬರುತ್ತದೆ. ಎಕಾನಮಿ ಅಂದರೆ ಇಷ್ಟೇ: ಬೌಲರ್ ಒಂದು ಓವರ್‌ಗೆ ಎಷ್ಟು ರನ್ ಕೊಟ್ಟರು ಅನ್ನುವುದು.

ಇದೇ ತಪ್ಪು ಓವರ್ ಕೂಡುವಾಗಲೂ ಆಗುತ್ತದೆ. ಒಬ್ಬರು 3.4 ಓವರ್, ಇನ್ನೊಬ್ಬರು 4.5 ಓವರ್ ಹಾಕಿದ್ದರೆ ಒಟ್ಟು 7.9 ಅಂತ ಬರೆಯುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. 7.9 ಓವರ್ ಅನ್ನುವುದು ಕ್ರಿಕೆಟ್‌ನಲ್ಲಿ ಇಲ್ಲವೇ ಇಲ್ಲ. 22 ಎಸೆತಕ್ಕೆ 29 ಎಸೆತ ಸೇರಿದರೆ 51, ಅಂದರೆ 8.3 ಓವರ್. ಚುಕ್ಕಿಯ ಆಚೆ 5ಕ್ಕಿಂತ ದೊಡ್ಡ ಅಂಕಿ ಕಂಡರೆ ಲೆಕ್ಕ ತಪ್ಪಿದೆ ಅಂತಲೇ ಅರ್ಥ.

ಇನ್ನು ನಿಮ್ಮ 15 ರನ್. ನೀವು ಆರಿಸಿಕೊಂಡ ಕಾರ್ಡ್ ಕಲಿಯಲು ಬಹಳ ಒಳ್ಳೆಯದು. ಪೇಪರಿನವರು ಹಾಕುವ ರೀತಿಯಲ್ಲೇ ಅದನ್ನು ಇಲ್ಲಿ ಇಡುತ್ತೇನೆ. ಬ್ರಾಕೆಟ್‌ನಲ್ಲಿ ಇರುವುದು ಎದುರಿಸಿದ ಎಸೆತ.

```
ಭಾರತ: 48.2 ಓವರ್‌ಗಳಲ್ಲಿ 4 ವಿಕೆಟ್‌ಗೆ 277
ಸೆಹ್ವಾಗ್ ಎಲ್‌ಬಿಡಬ್ಲ್ಯು ಬಿ ಮಾಲಿಂಗ         0 (2)
ತೆಂಡೂಲ್ಕರ್ ಸಿ ಸಂಗಕ್ಕಾರ ಬಿ ಮಾಲಿಂಗ       18 (14)
ಗಂಭೀರ್ ಬಿ ಪೆರೆರಾ                      97 (122)
ಕೊಹ್ಲಿ ಸಿ ಮತ್ತು ಬಿ ದಿಲ್ಶನ್               35 (49)
ಧೋನಿ ಔಟಾಗದೆ                         91 (79)
ಯುವರಾಜ್ ಔಟಾಗದೆ                      21 (24)
ಇತರೆ (ಬೈ 1, ಲೆಗ್ ಬೈ 6, ವೈಡ್ 8)         15
ವಿಕೆಟ್ ಪತನ: 1-0, 2-31, 3-114, 4-223

ಬೌಲಿಂಗ್
ಮಾಲಿಂಗ 9-0-42-2, ಕುಲಶೇಖರ 8.2-0-64-0,
ಪೆರೆರಾ 9-0-55-1, ರಂದೀವ್ 9-0-43-0,
ದಿಲ್ಶನ್ 5-0-27-1, ಮುರಳೀಧರನ್ 8-0-39-0
```

ಹೆಸರಿನ ಮುಂದಿನ ಅಕ್ಷರಗಳು ಔಟಾದ ಬಗೆಯನ್ನು ಹೇಳುತ್ತವೆ. 'ಸಿ' ಮುಂದೆ ಕ್ಯಾಚ್ ಹಿಡಿದವರ ಹೆಸರು, 'ಬಿ' ಮುಂದೆ ಬೌಲರ್ ಹೆಸರು. ಸಚಿನ್ ಅವರ ಕ್ಯಾಚನ್ನು ಸಂಗಕ್ಕಾರ ಹಿಡಿದರು, ವಿಕೆಟ್ ಮಾಲಿಂಗ ಖಾತೆಗೆ ಹೋಯಿತು. ಬರೀ 'ಬಿ' ಇದ್ದರೆ ಬೌಲ್ಡ್. ಕೊಹ್ಲಿಯ ಕ್ಯಾಚನ್ನು ಬೌಲರ್ ದಿಲ್ಶನ್ ಅವರೇ ಹಿಡಿದರು. ಬೌಲಿಂಗ್ ಸಾಲಿನ ನಾಲ್ಕು ಅಂಕಿಗಳು ಕ್ರಮವಾಗಿ ಓವರ್, ಮೇಡನ್, ರನ್, ವಿಕೆಟ್.

ಬ್ಯಾಟಿನಿಂದ ಬಂದ ರನ್ 262, ಇತರೆ 15, ಒಟ್ಟು 277. ನಿಮ್ಮ ಗೊಂದಲ ಇಲ್ಲಿಗೆ ಮುಗಿಯಿತು. ಆದರೆ ಈಗ ಬೌಲರ್‌ಗಳ ರನ್ ಕೂಡಿ ನೋಡಿ. 42, 64, 55, 43, 27, 39. ಒಟ್ಟು 270 ಬರುತ್ತದೆ. ಅದು 262 ಅಲ್ಲ, 277 ಕೂಡ ಅಲ್ಲ. ಇದು ಇನ್ನೊಂದು ಗೊಂದಲ ಅನ್ನಿಸಬಹುದು, ಆದರೆ ಎಕಾನಮಿಯ ಒಳಗುಟ್ಟು ಇಲ್ಲೇ ಇರುವುದು.

ಇತರೆ ರನ್‌ಗಳಲ್ಲಿ ಎರಡು ಜಾತಿ. ವೈಡ್ ಮತ್ತು ನೋ ಬಾಲ್ ಬೌಲರ್ ಮಾಡಿದ ತಪ್ಪು, ಅದನ್ನು ಅವರ ಲೆಕ್ಕಕ್ಕೇ ಬರೆಯುತ್ತಾರೆ. ಬೈ ಮತ್ತು ಲೆಗ್ ಬೈ ಹಾಗಲ್ಲ. ಚೆಂಡು ಬ್ಯಾಟಿಗೆ ತಾಗದೆ ಕೀಪರ್ ಕೈ ತಪ್ಪಿ ಹೋಯಿತು, ಅಥವಾ ಪ್ಯಾಡಿಗೆ ಬಡಿದು ಆಚೆ ಉರುಳಿತು. ಆ ರನ್ ತಂಡಕ್ಕೆ ಸೇರುತ್ತದೆ, ಬೌಲರ್ ತಲೆಗೆ ಕಟ್ಟುವುದಿಲ್ಲ. ಈ ಇನ್ನಿಂಗ್ಸ್‌ನಲ್ಲಿ ವೈಡ್ 8. 262ಕ್ಕೆ 8 ಸೇರಿಸಿದರೆ 270, ಅದು ಬೌಲರ್‌ಗಳ ಮೊತ್ತ. ಅದಕ್ಕೆ ಬೈ 1, ಲೆಗ್ ಬೈ 6 ಸೇರಿಸಿದರೆ 277, ಅದು ತಂಡದ ಮೊತ್ತ.

ಎಸೆತಗಳೂ ಹೀಗೇ ತಾಳೆಯಾಗಬೇಕು. ಆರೂ ಜನ ಎದುರಿಸಿದ ಎಸೆತ ಕೂಡಿ: 2, 14, 122, 49, 79, 24. ಒಟ್ಟು 290. ಈಗ 48.2 ಓವರ್ ಅಂದರೆ 48 ಸಲ ಆರು, ಮೇಲೆ ಎರಡು. ಅದೂ 290. ಎಂಟು ವೈಡ್‌ಗಳು ಎರಡೂ ಕಡೆ ಸೇರಿಲ್ಲ. ವೈಡ್ ಹಾಕಿದರೆ ಅದು ಓವರ್‌ನ ಆರು ಎಸೆತದಲ್ಲಿ ಲೆಕ್ಕಕ್ಕಿಲ್ಲ, ಬ್ಯಾಟ್ಸ್‌ಮನ್ ಎದುರಿಸಿದ ಎಸೆತವೂ ಅಲ್ಲ.

ಸ್ಕೋರ್‌ಕಾರ್ಡ್ ಒಂದು ಜಮಾಖರ್ಚಿನ ಪುಸ್ತಕ ಇದ್ದ ಹಾಗೆ. ಒಂದು ಕಡೆ ಬರೆದದ್ದು ಇನ್ನೊಂದು ಕಡೆ ಕಾಣಿಸಿಕೊಳ್ಳಲೇಬೇಕು. ನೀವೇ ಯಾವುದಾದರೂ ಸಣ್ಣ ಪಂದ್ಯಕ್ಕೆ ಸ್ಕೋರ್ ಬರೆದರೆ ಈ ತಾಳೆ ನೋಡದೆ ಪುಸ್ತಕ ಮುಚ್ಚಬೇಡಿ. ಬೌಲರ್‌ಗಳ ಮೊತ್ತ ತಂಡದ ಮೊತ್ತಕ್ಕೆ ಸರಿಯಾಗಿ ಸಮ ಬಂದಿದೆ, ಆದರೆ ಇತರೆಯಲ್ಲಿ ಲೆಗ್ ಬೈ ಇದೆ ಅಂದರೆ, ಯಾರೋ ಲೆಗ್ ಬೈಯನ್ನು ಬೌಲರ್‌ಗೆ ಬರೆದಿದ್ದಾರೆ. ಬ್ಯಾಟ್ಸ್‌ಮನ್‌ಗಳ ಎಸೆತ ಸರಿಯಾಗಿ ವೈಡ್‌ಗಳಷ್ಟೇ ಜಾಸ್ತಿ ಬಂದರೆ, ವೈಡನ್ನು ಎದುರಿಸಿದ ಎಸೆತ ಅಂತ ಗುರುತು ಹಾಕಿದ್ದಾರೆ. ಎರಡನೆಯದರಿಂದ ಬ್ಯಾಟ್ಸ್‌ಮನ್‌ನ ಸ್ಟ್ರೈಕ್ ರೇಟ್ ಸುಮ್ನೆ ಕೆಳಗೆ ಬೀಳುತ್ತದೆ. ಪಾಪ, ಅವನ ತಪ್ಪೇನೂ ಇರುವುದಿಲ್ಲ.

ಈಗ ಗಂಭೀರ್ ವಿಷಯಕ್ಕೆ ಬರೋಣ. ಬ್ಯಾಟಿಂಗ್ ಸ್ಟ್ರೈಕ್ ರೇಟ್ ಅಂದರೆ ನೂರು ಎಸೆತಕ್ಕೆ ಎಷ್ಟು ರನ್ ಅನ್ನುವ ಲೆಕ್ಕ. ರನ್ನನ್ನು ಎಸೆತದಿಂದ ಭಾಗಿಸಿ 100ರಿಂದ ಗುಣಿಸಿದರೆ ಆಯಿತು. ಗಂಭೀರ್ ಅವರದು 79.51, ಧೋನಿಯವರದು 115.19. ಕೆಲವು ಕಡೆ 79.50 ಅಂತ ಕಂಡರೆ ಗಾಬರಿ ಬೇಡ. ಅವರು ಮೂರನೇ ಅಂಕಿಯನ್ನು ಸರಿಹೊಂದಿಸದೆ ಹಾಗೇ ಕತ್ತರಿಸುತ್ತಾರೆ, ಅಷ್ಟೇ.

ಗುರಿ ಇದ್ದದ್ದು 275. 300 ಎಸೆತದಲ್ಲಿ ಅಷ್ಟು ಬೇಕು ಅಂದರೆ ತಂಡ ನೂರು ಎಸೆತಕ್ಕೆ ಸುಮಾರು 92 ರನ್ ಮಾಡಬೇಕು. ಆ ಲೆಕ್ಕದಲ್ಲಿ ಗಂಭೀರ್ ಅಗತ್ಯಕ್ಕಿಂತ ನಿಧಾನ ಅನ್ನಿಸುತ್ತದೆ. ಆದರೆ ಸ್ಟ್ರೈಕ್ ರೇಟನ್ನು ಒಂಟಿಯಾಗಿ ಓದಬಾರದು. ಅದರ ಪಕ್ಕದಲ್ಲಿ ವಿಕೆಟ್ ಪತನದ ಸಾಲು ಇಟ್ಟುಕೊಳ್ಳಬೇಕು. ಬಹಳ ಜನ ಆ ಸಾಲನ್ನು ಓದುವುದೇ ಇಲ್ಲ. ನನ್ನನ್ನು ಕೇಳಿದರೆ ಇಡೀ ಕಾರ್ಡ್‌ನಲ್ಲಿ ಪಂದ್ಯದ ಕಥೆ ಹೇಳುವುದು ಅದೊಂದೇ ಸಾಲು.

1-0 ಅಂದರೆ ತಂಡದ ಮೊತ್ತ ಸೊನ್ನೆ ಇದ್ದಾಗ ಮೊದಲ ವಿಕೆಟ್ ಬಿತ್ತು. ಸೆಹ್ವಾಗ್ ಇನ್ನಿಂಗ್ಸ್‌ನ ಎರಡನೇ ಎಸೆತದಲ್ಲೇ ಹೋದರು. ಅಂದರೆ ಗಂಭೀರ್ ಬಂದದ್ದು ಮೊದಲ ಓವರ್‌ನಲ್ಲೇ. 2-31 ಅಂದರೆ ಮೂವತ್ತೊಂದು ರನ್ ಆಗುವಷ್ಟರಲ್ಲಿ ಸಚಿನ್ ಕೂಡ ಇಲ್ಲ. ಆಮೇಲೆ 31ರಿಂದ 114ರವರೆಗೆ ಗಂಭೀರ್ ಜೊತೆ ಕೊಹ್ಲಿ, ಅದು 83 ರನ್ ಜೊತೆಯಾಟ. 114ರಿಂದ 223ರವರೆಗೆ ಧೋನಿ, ಅದು 109. ಎರಡು ಸಾಲಿನ ಅಂಕಿಗಳನ್ನು ಕಳೆದರೆ ಜೊತೆಯಾಟ ಸಿಗುತ್ತದೆ, ಬೇರೆ ಎಲ್ಲೂ ಹುಡುಕಬೇಕಾಗಿಲ್ಲ.

ವಿವರವಾದ ಕಾರ್ಡ್‌ಗಳಲ್ಲಿ ವಿಕೆಟ್ ಬಿದ್ದ ಓವರ್ ಕೂಡ ಇರುತ್ತದೆ. ಕೊಹ್ಲಿ ಔಟಾದದ್ದು 21.4ನೇ ಓವರ್‌ನಲ್ಲಿ. ಅಲ್ಲಿಗೆ 130 ಎಸೆತ ಮುಗಿದಿತ್ತು, 170 ಉಳಿದಿತ್ತು, ಬೇಕಾಗಿದ್ದದ್ದು 161. ಗಂಭೀರ್ ಔಟಾದದ್ದು 41.2ನೇ ಓವರ್‌ನಲ್ಲಿ. ಅಲ್ಲಿಗೆ 248 ಎಸೆತ ಮುಗಿದಿತ್ತು. ಉಳಿದ ಎಸೆತ 52, ಬೇಕಾದ ರನ್ 275ರಲ್ಲಿ 223 ಕಳೆದರೆ ಅದೂ 52. ಕೈಯಲ್ಲಿ ಇನ್ನೂ ಆರು ವಿಕೆಟ್.

ಈಗ ಹೇಳಿ, 79.51 ನಿಧಾನವಾ? ಮೊದಲ ಓವರ್‌ನಲ್ಲಿ ಬಂದವರು ಹೊರಡುವಾಗಲೂ ಎಸೆತಕ್ಕೊಂದು ರನ್‌ಗಿಂತ ಹೆಚ್ಚು ಬೇಕಾಗುವ ಹಾಗೆ ಬಿಡಲಿಲ್ಲ. ಬೇಗ ಎರಡು ವಿಕೆಟ್ ಬಿದ್ದ ಇನ್ನಿಂಗ್ಸ್‌ನಲ್ಲಿ ಒಬ್ಬರು ಹಾಗೆ ನಿಂತದ್ದರಿಂದಲೇ ಇನ್ನೊಬ್ಬರು 115ರ ವೇಗದಲ್ಲಿ ಆಡಲು ಸಾಧ್ಯವಾಯಿತು. ಆ ಕೊನೆಯ 52 ರನ್ನನ್ನು ಧೋನಿ ಮತ್ತು ಯುವರಾಜ್ 42 ಎಸೆತದಲ್ಲಿ ಮುಗಿಸಿದರು. ಕೊನೆಗೆ ಸಿಕ್ಸರ್ ಬಂದದ್ದರಿಂದ ಅವರಿಬ್ಬರ ನಡುವೆ ಸೇರಿದ್ದು 54.

ಇನ್ನೊಂದು ಮೋಸ ನೋಡಿ. ಈ ಭಾರತದ ಕಾರ್ಡ್‌ನಲ್ಲಿ ಎಲ್ಲರಿಗಿಂತ ಮೇಲಿನ ಸ್ಟ್ರೈಕ್ ರೇಟ್ ಯಾರದ್ದು? ಧೋನಿಯದ್ದಲ್ಲ. ಸಚಿನ್ ಅವರದ್ದು, 128.57. ಆದರೆ ಅದು ಬರೀ 14 ಎಸೆತದ ಲೆಕ್ಕ. ಎಸೆತ ಕಡಿಮೆ ಇದ್ದರೆ ಒಂದು ಬೌಂಡರಿ ಬಂದರೂ ಸಾಕು, ಸ್ಟ್ರೈಕ್ ರೇಟ್ ಹಾರಿ ಕೂರುತ್ತದೆ. ಅವರು ಇನ್ನೊಂದು ಎಸೆತ ಎದುರಿಸಿ ರನ್ ಮಾಡದೇ ಇದ್ದಿದ್ದರೆ ಅದೇ 120 ಆಗುತ್ತಿತ್ತು. ಗಂಭೀರ್‌ಗೆ ಹಾಗೆ ಒಂದು ಖಾಲಿ ಎಸೆತ ಸೇರಿದ್ದರೆ 79.51 ಇದ್ದದ್ದು 78.86 ಆಗುತ್ತಿತ್ತು, ಅಷ್ಟೇ. ಹಾಗಾಗಿ ಸ್ಟ್ರೈಕ್ ರೇಟ್ ಓದುವ ಮೊದಲು ಬ್ರಾಕೆಟ್ ಒಳಗಿನ ಎಸೆತ ನೋಡಿ. ಇಪ್ಪತ್ತು ಎಸೆತದ ಒಳಗಿನ ಸ್ಟ್ರೈಕ್ ರೇಟನ್ನು ನಾನಂತೂ ಜಾಸ್ತಿ ತಲೆಗೆ ಹಚ್ಚಿಕೊಳ್ಳುವುದಿಲ್ಲ.

ಸ್ಟ್ರೈಕ್ ರೇಟ್ ಅನ್ನುವ ಹೆಸರು ಬೌಲರ್‌ಗಳಿಗೂ ಇದೆ, ಅಲ್ಲಿ ಅರ್ಥ ಪೂರ್ತಿ ಬೇರೆ. ಒಂದು ವಿಕೆಟ್‌ಗೆ ಎಷ್ಟು ಎಸೆತ ಬೇಕಾಯಿತು ಅನ್ನುವುದು ಅದು. ಮಾಲಿಂಗ 54 ಎಸೆತಕ್ಕೆ 2 ವಿಕೆಟ್ ತೆಗೆದರು, ಆ ದಿನದ ಮಟ್ಟಿಗೆ ಅವರ ಸ್ಟ್ರೈಕ್ ರೇಟ್ 27. ಬ್ಯಾಟಿಂಗ್‌ನಲ್ಲಿ ಅಂಕಿ ದೊಡ್ಡದಾದಷ್ಟು ಒಳ್ಳೆಯದು, ಬೌಲಿಂಗ್‌ನಲ್ಲಿ ಸಣ್ಣದಾದಷ್ಟು ಒಳ್ಳೆಯದು.

ಸರಾಸರಿ ಒಂದೇ ಪಂದ್ಯದ ಕಾರ್ಡ್‌ನಿಂದ ಸಿಗುವುದಿಲ್ಲ. ಅದಕ್ಕೆ ಹಲವು ಇನ್ನಿಂಗ್ಸ್ ಬೇಕು. ಸೂತ್ರ ಸುಲಭ: ಮಾಡಿದ ಒಟ್ಟು ರನ್ನನ್ನು ಔಟಾದ ಸಲಗಳಿಂದ ಭಾಗಿಸಬೇಕು. ಇನ್ನಿಂಗ್ಸ್‌ಗಳಿಂದಲೂ ಅಲ್ಲ, ಪಂದ್ಯಗಳಿಂದಲೂ ಅಲ್ಲ. ಎಲ್ಲರೂ ಎಡವುವ ಜಾಗ ಇದೇ.

ಅದೇ ವಿಶ್ವಕಪ್‌ನಲ್ಲಿ ಧೋನಿಯನ್ನೇ ತೆಗೆದುಕೊಳ್ಳಿ. ಫೈನಲ್‌ಗೆ ಮೊದಲು ಅವರು ಆಡಿದ್ದು ಏಳು ಇನ್ನಿಂಗ್ಸ್. ರನ್ ಹೀಗಿದ್ದವು: 31, 34, ಔಟಾಗದೆ 19, ಔಟಾಗದೆ 12, 22, 7, 25. ಒಟ್ಟು 150. ಎರಡು ಸಲ ಔಟಾಗದೆ ಉಳಿದಿದ್ದರಿಂದ ಔಟಾದದ್ದು ಐದು ಸಲ. ಸರಾಸರಿ 30. ಅರ್ಧ ಶತಕ ಒಂದೂ ಇಲ್ಲ.

ಫೈನಲ್‌ನಲ್ಲಿ ಔಟಾಗದೆ 91. ಮೇಲಿನ ಅಂಕಿ 150ರಿಂದ 241ಕ್ಕೆ ಏರಿತು, ಕೆಳಗಿನ 5 ಮಾತ್ರ ಅಲುಗಾಡಲಿಲ್ಲ. 241ನ್ನು 5ರಿಂದ ಭಾಗಿಸಿದರೆ 48.20. ಒಂದೇ ರಾತ್ರಿಯಲ್ಲಿ ಸರಾಸರಿ 18ಕ್ಕಿಂತ ಜಾಸ್ತಿ ಮೇಲೆ ಹೋಯಿತು. ಅದೇ 91ಕ್ಕೆ ಅವರು ಔಟಾಗಿದ್ದರೆ? 241 ಭಾಗ 6, ಅಂದರೆ 40.17. ರನ್ ಅಷ್ಟೇ, ಇನ್ನಿಂಗ್ಸ್ ಅಷ್ಟೇ, ಸರಾಸರಿಯಲ್ಲಿ ಎಂಟು ರನ್ ವ್ಯತ್ಯಾಸ. ಒಂದು ಇನ್ನಿಂಗ್ಸ್‌ಗೆ ಎಷ್ಟು ಅಂತ ನೋಡಿದರೆ, 241ನ್ನು ಎಂಟರಿಂದ ಭಾಗಿಸಿ, ಬರೀ 30 ಚಿಲ್ಲರೆ.

ಇದನ್ನು ಕಂಡು ಕೆಲವರು 'ಔಟಾಗದೆ' ಅನ್ನುವುದೇ ಒಂದು ಕಣ್ಕಟ್ಟು ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಗುರಿ ಮುಟ್ಟಿದ್ದರಿಂದ ಆಟ ನಿಂತಿತು, ಅವರು ನಿಲ್ಲಲಿಲ್ಲ. ಇನ್ನೂ ಹತ್ತು ಎಸೆತ ಉಳಿದಿತ್ತು. ಅರ್ಧಕ್ಕೆ ನಿಂತ ಇನ್ನಿಂಗ್ಸನ್ನು ಪೂರ್ತಿ ಇನ್ನಿಂಗ್ಸ್ ಅಂತ ಎಣಿಸಿದರೆ ಕೆಳಗಿನ ಕ್ರಮಾಂಕದಲ್ಲಿ ಆಡುವವರಿಗೆ ಅನ್ಯಾಯವಾಗುತ್ತದೆ. ಅಂಥವರು ಎಷ್ಟೋ ಸಲ ಹತ್ತು ಹನ್ನೆರಡು ಎಸೆತ ಆಡಿ, ಪಂದ್ಯ ಮುಗಿಸಿ ಬರುತ್ತಾರೆ.

ಆದರೆ ಇನ್ನಿಂಗ್ಸ್ ಕಡಿಮೆ ಇದ್ದಾಗ ಸರಾಸರಿ ಹುಚ್ಚೆದ್ದು ಹೋಗಬಹುದು ಅನ್ನುವುದೂ ನಿಜ. 1999ರ ವಿಶ್ವಕಪ್‌ನಲ್ಲಿ ದಕ್ಷಿಣ ಆಫ್ರಿಕಾದ ಲ್ಯಾನ್ಸ್ ಕ್ಲೂಸ್ನರ್ ಎಂಟು ಇನ್ನಿಂಗ್ಸ್‌ನಲ್ಲಿ 281 ರನ್ ಮಾಡಿದರು. ಔಟಾದದ್ದು ಎರಡೇ ಸಲ. ಸರಾಸರಿ 140.50. ಒಂದು ಇನ್ನಿಂಗ್ಸ್‌ನಲ್ಲೂ ನೂರು ದಾಟಿಲ್ಲ, ಅತಿ ಹೆಚ್ಚು ಅಂದರೆ 52. ಕ್ಲೂಸ್ನರ್ ಆ ಟೂರ್ನಿಯಲ್ಲಿ ನಿಜಕ್ಕೂ ಅಬ್ಬರಿಸಿದ್ದರು, ಅದರಲ್ಲಿ ಅನುಮಾನವಿಲ್ಲ. ಆದರೆ 'ಬ್ಯಾಟಿಂಗ್‌ಗೆ ಬಂದಾಗಲೆಲ್ಲ 140 ಹೊಡೆಯುತ್ತಿದ್ದರು' ಅಂತ ಆ ಅಂಕಿಯನ್ನು ಓದಿದರೆ ತಪ್ಪಾಗುತ್ತದೆ. ಸರಾಸರಿ ಪಕ್ಕದಲ್ಲಿ ಇನ್ನಿಂಗ್ಸ್ ಎಷ್ಟು, ಔಟಾಗದೆ ಎಷ್ಟು ಅನ್ನುವ ಎರಡು ಕಾಲಂ ಇರುವುದೇ ಇದಕ್ಕೆ. ಇನ್ನಿಂಗ್ಸ್‌ನಲ್ಲಿ ಔಟಾಗದೆ ಉಳಿದ ಸಲ ಕಳೆಯಿರಿ, ಔಟಾದ ಸಲ ಸಿಗುತ್ತದೆ.

ಇನ್ನಿಂಗ್ಸ್ ಹೆಚ್ಚಾದಂತೆ ಈ ಏರಿಳಿತ ತಣ್ಣಗಾಗುತ್ತದೆ. ಡಾನ್ ಬ್ರಾಡ್‌ಮನ್ ಟೆಸ್ಟ್‌ನಲ್ಲಿ 80 ಇನ್ನಿಂಗ್ಸ್ ಆಡಿದರು, 10 ಸಲ ಔಟಾಗದೆ ಉಳಿದರು, 6996 ರನ್ ಮಾಡಿದರು. 70ರಿಂದ ಭಾಗಿಸಿದರೆ 99.94. 1948ರಲ್ಲಿ ಓವಲ್ ಮೈದಾನದಲ್ಲಿ ಕೊನೆಯ ಸಲ ಬ್ಯಾಟ್ ಹಿಡಿದಾಗ ನಾಲ್ಕು ರನ್ ಸಾಕಿತ್ತು, 7000 ಭಾಗ 70, ಸರಿಯಾಗಿ ನೂರು ಬರುತ್ತಿತ್ತು. ಎರಿಕ್ ಹಾಲೀಸ್ ಎಸೆತಕ್ಕೆ ಸೊನ್ನೆಗೆ ಬೌಲ್ಡ್ ಆದರು. ಅಷ್ಟೊಂದು ಇನ್ನಿಂಗ್ಸ್ ಆದ ಮೇಲೆ ಆ ಸೊನ್ನೆ ಸರಾಸರಿಯನ್ನು ಕೆಡವಿದ್ದು ಎರಡು ರನ್‌ಗಿಂತ ಕಡಿಮೆ.

ಸರಾಸರಿಗೂ ಸ್ಟ್ರೈಕ್ ರೇಟಿಗೂ ಸಂಬಂಧವೇ ಇಲ್ಲ ಅನ್ನುವುದಕ್ಕೆ 1975ರ ಮೊದಲ ವಿಶ್ವಕಪ್‌ಗಿಂತ ಒಳ್ಳೆಯ ಉದಾಹರಣೆ ನನಗೆ ಹೊಳೆಯುತ್ತಿಲ್ಲ. ಲಾರ್ಡ್ಸ್‌ನಲ್ಲಿ ಇಂಗ್ಲೆಂಡ್ 60 ಓವರ್‌ಗೆ 334 ಮಾಡಿತ್ತು. ಗವಾಸ್ಕರ್ ಇನ್ನಿಂಗ್ಸ್ ಶುರು ಮಾಡಿ ಕೊನೆಯವರೆಗೂ ನಿಂತರು, 174 ಎಸೆತಕ್ಕೆ ಔಟಾಗದೆ 36. ಭಾರತ 3 ವಿಕೆಟ್‌ಗೆ 132. ಸರಾಸರಿ ಲೆಕ್ಕದಲ್ಲಿ ಆ ಇನ್ನಿಂಗ್ಸ್‌ನಿಂದ ಲಾಭವೇ, 36 ರನ್ ಬಂತು, ಔಟ್ ಮಾತ್ರ ಸೇರಲಿಲ್ಲ. ಸ್ಟ್ರೈಕ್ ರೇಟ್ 20.69. ಒಬ್ಬರು ಎಷ್ಟು ಸಲ ವಿಕೆಟ್ ಕೊಡದೆ ಉಳಿಯುತ್ತಾರೆ ಅನ್ನುವುದು ಸರಾಸರಿಯಲ್ಲಿ ಕಾಣುತ್ತದೆ, ತಂಡದ ಎಸೆತಗಳನ್ನು ಎಷ್ಟು ಖರ್ಚು ಮಾಡಿದರು ಅನ್ನುವುದು ಸ್ಟ್ರೈಕ್ ರೇಟ್‌ನಲ್ಲಿ. ಟೆಸ್ಟ್‌ನಲ್ಲಿ ಎಸೆತಕ್ಕೆ ಅಂಥ ಬರ ಇರುವುದಿಲ್ಲ, ಅದಕ್ಕೇ ಅಲ್ಲಿ ಸರಾಸರಿಗೆ ಬೆಲೆ. ಟಿ20ಯಲ್ಲಿ ಇರುವುದೇ 120 ಎಸೆತ, ಹಾಗಾಗಿ ಅಲ್ಲಿ ಸ್ಟ್ರೈಕ್ ರೇಟ್ ಮುಂದೆ ಬರುತ್ತದೆ. ಏಕದಿನದಲ್ಲಿ ಎರಡೂ ಬೇಕು.

ಮತ್ತೆ ಎಕಾನಮಿಗೆ ಬರುತ್ತೇನೆ, ಅದರಲ್ಲಿ ಹೇಳುವುದು ಇನ್ನೂ ಇದೆ. ಯಾವ ಎಕಾನಮಿ ಒಳ್ಳೆಯದು ಅಂತ ಬಹಳ ಜನ ಕೇಳುತ್ತಾರೆ. ನಾಲ್ಕಾ, ಐದಾ, ಆರಾ? ಹಾಗೆ ಒಂದು ಗೆರೆ ಎಳೆಯಲು ಬರುವುದಿಲ್ಲ. ಅದೇ ಪಂದ್ಯದ ರನ್ ರೇಟ್ ಪಕ್ಕದಲ್ಲಿ ಇಟ್ಟು ನೋಡಬೇಕು. ಫೈನಲ್‌ನಲ್ಲಿ ಭಾರತ 290 ಎಸೆತಕ್ಕೆ 277 ಮಾಡಿತು, ಓವರ್‌ಗೆ 5.73. ಅದರ ಎದುರು ಮಾಲಿಂಗ ಅವರ 4.67 ಚೆನ್ನಾಗಿದೆ, ರಂದೀವ್ ಅವರ 4.78 ಕೂಡ ಚೆನ್ನಾಗಿದೆ. ಕುಲಶೇಖರ ಅವರ 7.68 ದುಬಾರಿ. ಮುರಳೀಧರನ್ 8 ಓವರ್‌ಗೆ 39 ಕೊಟ್ಟರು, ವಿಕೆಟ್ ಸಿಗಲಿಲ್ಲ. ವಿಕೆಟ್ ಕಾಲಂ ಮಾತ್ರ ನೋಡುವವರಿಗೆ ಅದು ವಿಫಲ ಅನ್ನಿಸಬಹುದು, ಓವರ್‌ಗೆ ಐದು ರನ್ ಕೂಡ ಕೊಟ್ಟಿಲ್ಲ ಅನ್ನುವುದು ಎಕಾನಮಿಯಲ್ಲಿ ಕಾಣುತ್ತದೆ.

ಆದರೆ ಎಕಾನಮಿ ಎಲ್ಲವನ್ನೂ ಕಲಸಿ ಒಂದೇ ಅಂಕಿ ಮಾಡುತ್ತದೆ. ಅದೇ ಪಂದ್ಯದಲ್ಲಿ ಜಹೀರ್ ಖಾನ್ ಅವರ ಸಾಲು 10-3-60-2. ಎಕಾನಮಿ 6.00. ಇದನ್ನು ಓದಿದರೆ ಸಾಧಾರಣ ದಿನ ಅನ್ನಿಸುತ್ತದೆ, ಅಲ್ವಾ? ಈಗ ಮೇಡನ್ ಕಾಲಂ ನೋಡಿ, ಮೂರು ಇದೆ. ಮೇಡನ್ ಅಂದರೆ ಬೌಲರ್ ಲೆಕ್ಕಕ್ಕೆ ಒಂದೂ ರನ್ ಸೇರದ ಓವರ್. ಹತ್ತರಲ್ಲಿ ಮೂರು ಓವರ್ ಸೊನ್ನೆ ಅಂದರೆ ಆ 60 ರನ್ ಉಳಿದ ಏಳರಲ್ಲೇ ಹೋಗಿದೆ. ನಿಜವಾಗಿ ಆದದ್ದು ಅದಕ್ಕಿಂತ ವಿಚಿತ್ರ. ಜಹೀರ್ ಮೊದಲ ಸ್ಪೆಲ್ 5-3-6-1, ಎಕಾನಮಿ 1.20. ಉಳಿದ ಐದು ಓವರ್‌ಗೆ 54 ರನ್, ಎಕಾನಮಿ 10.80. ಒಬ್ಬರೇ ಬೌಲರ್, ಒಂದೇ ಪಿಚ್. ಹೊಸ ಚೆಂಡಿನಲ್ಲಿ ಕಟ್ಟಿಹಾಕಿದವರು ಕೊನೆಯ ಓವರ್‌ಗಳಲ್ಲಿ ಸಿಕ್ಕಿಬಿದ್ದರು. ಆ ಕಡೆ ಜಯವರ್ಧನೆ 88 ಎಸೆತಕ್ಕೆ ಔಟಾಗದೆ 103, ಪೆರೆರಾ 9 ಎಸೆತಕ್ಕೆ ಔಟಾಗದೆ 22 ಹೊಡೆದಿದ್ದರು. ಕೊನೆಯ ಓವರ್‌ಗಳನ್ನು ಹಾಕುವ ಬೌಲರ್‌ಗೆ ಎಕಾನಮಿ ಯಾವಾಗಲೂ ಸ್ವಲ್ಪ ಜಾಸ್ತಿಯೇ ಇರುತ್ತದೆ. ನಡುವಿನ ಓವರ್ ಹಾಕುವವರ ಜೊತೆ ಅವರನ್ನು ನೇರವಾಗಿ ಹೋಲಿಸುವುದು ಸರಿಯಲ್ಲ.

ಈಗ ಶ್ರೀಲಂಕಾದ ಇನ್ನಿಂಗ್ಸನ್ನು ನೀವೇ ತಾಳೆ ಹಾಕಿ ನೋಡಿ. 50 ಓವರ್‌ಗೆ 6 ವಿಕೆಟ್‌ಗೆ 274. ಬ್ಯಾಟ್ಸ್‌ಮನ್‌ಗಳ ರನ್ ಕೂಡಿದರೆ ಅಲ್ಲೂ 262 ಬರುತ್ತದೆ, ಕಾಕತಾಳೀಯ ಅಷ್ಟೇ. ಇತರೆ 12: ಬೈ 1, ಲೆಗ್ ಬೈ 3, ವೈಡ್ 6, ನೋ ಬಾಲ್ 2. ಬೌಲರ್‌ಗಳ ಮೊತ್ತ 262ಕ್ಕೆ ವೈಡ್ ಮತ್ತು ನೋ ಬಾಲ್ ಎಂಟು ಸೇರಿ 270 ಬರಬೇಕು, ಬರುತ್ತದೆ.

ಎರಡು ಕಡೆ ಮಾತ್ರ ನಿಮಗೆ ತಾಳೆ ತಪ್ಪಿದ ಹಾಗೆ ಕಾಣುತ್ತದೆ. ಬೌಲರ್‌ಗಳ ವಿಕೆಟ್ ಕೂಡಿದರೆ ಐದೇ ಸಿಗುತ್ತದೆ: ಜಹೀರ್ 2, ಯುವರಾಜ್ 2, ಹರ್ಭಜನ್ 1. ಆರನೆಯದು ಕುಲಶೇಖರ ರನೌಟ್. ರನೌಟ್ ಯಾವ ಬೌಲರ್ ಖಾತೆಗೂ ಹೋಗುವುದಿಲ್ಲ, ಬ್ಯಾಟ್ಸ್‌ಮನ್ ಸರಾಸರಿಗೆ ಮಾತ್ರ ಅದು ಔಟ್ ಅಂತಲೇ ಲೆಕ್ಕ. ಇನ್ನೊಂದು ಎಸೆತಗಳ ಮೊತ್ತ. 50 ಓವರ್‌ಗೆ 300 ಇರಬೇಕಿತ್ತು, ಬ್ಯಾಟ್ಸ್‌ಮನ್‌ಗಳು ಎದುರಿಸಿದ್ದು ಕೂಡಿದರೆ 302 ಬರುತ್ತದೆ. ಆ ಎರಡು ಜಾಸ್ತಿ ಎಸೆತ ಎರಡು ನೋ ಬಾಲ್. ವೈಡ್‌ಗೆ ಬ್ಯಾಟ್ಸ್‌ಮನ್ ರನ್ ಹೊಡೆಯಲು ಬರುವುದಿಲ್ಲ. ನೋ ಬಾಲ್‌ಗೆ ಹೊಡೆಯಬಹುದು, ಹೊಡೆದರೆ ಆ ರನ್ ಅವರಿಗೇ ಸೇರುತ್ತದೆ. ಅದಕ್ಕೇ ನೋ ಬಾಲನ್ನು ಅವರು ಎದುರಿಸಿದ ಎಸೆತ ಅಂತ ಬರೆಯುತ್ತಾರೆ, ಬೌಲರ್‌ನ ಓವರ್‌ನಲ್ಲಿ ಮಾತ್ರ ಅದನ್ನು ಎಣಿಸುವುದಿಲ್ಲ.